ಎರಡು ಬಾಣ ಹೊತ್ತು ಬಂದ ಸುದ್ದಿ

ಕರಾಚಿಯ ಒಂದು ಗಲ್ಲಿ. ಹುಡುಗರು ಕ್ರಿಕೆಟ್ ಆಡುತ್ತಿದ್ದಾರೆ. ಬೈಕಿನಲ್ಲಿ ಇಬ್ಬರು ಬರುತ್ತಾರೆ. ಹಿಂದೆ ಕೂತವನು ಒಂದು ಚಿಕ್ಕ ಹುಡುಗನನ್ನು ಎತ್ತಿಕೊಳ್ಳುತ್ತಾನೆ, ಬೈಕು ಹೊರಟುಹೋಗುತ್ತದೆ. ಉಳಿದ ಹುಡುಗರು ಕಿರುಚುತ್ತಾ ಹಿಂದೆ ಓಡುತ್ತಾರೆ. ಆಮೇಲೆ ಅದೇ ಬೈಕು ತಿರುಗಿ ಬರುತ್ತದೆ. ಮಗುವನ್ನು ಇಳಿಸಿದ ಸವಾರರು ಒಂದು ಫಲಕ ಎತ್ತಿ ತೋರಿಸುತ್ತಾರೆ. ಕರಾಚಿಯ ಬೀದಿಯಲ್ಲಿ ಮಗುವನ್ನು ಕದಿಯಲು ಒಂದು ಕ್ಷಣ ಸಾಕು, ಹುಷಾರು ಎಂಬುದು ಅದರ ತಾತ್ಪರ್ಯ.

2016ರಲ್ಲಿ ಅಲ್ಲಿನ ಒಂದು ಮಕ್ಕಳ ರಕ್ಷಣಾ ಸಂಸ್ಥೆಗಾಗಿ ತಯಾರಾದ ಜಾಗೃತಿ ಚಿತ್ರ ಅದು. ಯಾರೋ ಅದರ ಕೊನೆಯ ಭಾಗವನ್ನು ಕತ್ತರಿಸಿದರು. ಮಗು ವಾಪಸು ಬರುವುದು ಹೋಯಿತು, ಫಲಕವೂ ಹೋಯಿತು. ಉಳಿದದ್ದು ಹಾಡಹಗಲಿನ ಅಪಹರಣ ಮಾತ್ರ. ‘ನಮ್ಮ ಊರಿಗೆ ಮಕ್ಕಳ ಕಳ್ಳರು ಬಂದಿದ್ದಾರೆ’ ಎಂಬ ಸಾಲು ಸೇರಿಸಿಕೊಂಡು ಆ ವಿಡಿಯೊ 2018ರ ಬೇಸಿಗೆಯಲ್ಲಿ ಭಾರತದ ಒಂದೊಂದೇ ರಾಜ್ಯದ ವಾಟ್ಸ್‌ಆ್ಯಪ್‌ಗಳಲ್ಲಿ ಸುತ್ತಿತು. ಭಾಷೆ ಬದಲಾಗುತ್ತಿತ್ತು, ಊರಿನ ಹೆಸರು ಬದಲಾಗುತ್ತಿತ್ತು, ಬೈಕು ಮಾತ್ರ ಅದೇ.

ಆ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆ ಸುತ್ತಿನಲ್ಲಿ, ಕೆಲಸ ಹುಡುಕಿಕೊಂಡು ರಾಜಸ್ಥಾನದಿಂದ ಬಂದಿದ್ದ 26 ವರ್ಷದ ಯುವಕನನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಕೊಂದರು. ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನ್‌ಪಾಡಾದಲ್ಲಿ ಅಲೆಮಾರಿ ಸಮುದಾಯದ ಐವರು ಹೀಗೆಯೇ ಸತ್ತರು. ಕೇಂದ್ರದ ಮಾಹಿತಿ ತಂತ್ರಜ್ಞಾನ ಸಚಿವಾಲಯ ಆ ವಾರವೇ ವಾಟ್ಸ್‌ಆ್ಯಪ್‌ಗೆ ಎಚ್ಚರಿಕೆ ಕೊಟ್ಟಿತು. ಜುಲೈ 10ರಂದು ಕಂಪನಿ ಒಂದು ಚಿಕ್ಕ ಬದಲಾವಣೆ ತಂದಿತು. ಬೇರೆಯವರಿಂದ ಬಂದದ್ದನ್ನು ಮುಂದಕ್ಕೆ ತಳ್ಳಿದರೆ ಸಂದೇಶದ ತಲೆಯ ಮೇಲೆ ಒಂದು ಬಾಗಿದ ಬಾಣ, ಪಕ್ಕದಲ್ಲಿ ‘ಫಾರ್ವರ್ಡೆಡ್’ ಎಂಬ ಬೂದುಬಣ್ಣದ ಪದ.

ಇಷ್ಟು ಜನ ಸತ್ತಿದ್ದಕ್ಕೆ ಉತ್ತರ ಒಂದು ಬಾಣವೇ ಎಂದು ಆಗ ಗೊಣಗಿದವರಲ್ಲಿ ನಾನೂ ಒಬ್ಬ. ಈಗ ಅಷ್ಟು ಹಗುರಾಗಿ ಮಾತಾಡಲಾರೆ. ಆ ಬಾಣ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದು ಅದು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದ ಮೇಲೆ ಬೇರೆಯಾಗಿ ಕಾಣುತ್ತದೆ.

ಮೊದಲು ಬಾಣ ಏಕೆ ಬೇಕಾಯಿತು ಎಂಬುದನ್ನು ನೋಡೋಣ. ನಮ್ಮ ಮನೆಯ ಒಂದು ಸಣ್ಣ ಪ್ರಸಂಗ. ಬಾಣ ಇನ್ನೂ ಇಲ್ಲದ ಕಾಲದಲ್ಲಿ, ಯಾವುದೋ ಕಷಾಯ ಕುಡಿದರೆ ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ ಎಂಬ ಸಂದೇಶ ನನಗೂ ಬಂದಿತ್ತು, ನಾನು ಓದದೆಯೇ ಕುಟುಂಬದ ಗ್ರೂಪಿಗೆ ಹಾಕಿದ್ದೆ. ತಿಂಗಳಾದ ಮೇಲೆ ಹಬ್ಬಕ್ಕೆ ಸೇರಿದಾಗ ಅತ್ತಿಗೆ ಮಾತ್ರೆ ಬಿಟ್ಟು ಆ ಕಷಾಯ ಕುಡಿಯುತ್ತಿರುವುದು ಗೊತ್ತಾಯಿತು. ಬೈಯಲು ಹೋದೆ. “ನೀವೇ ಬರೆದು ಕಳಿಸಿದ್ದಲ್ವಾ? ಅದಕ್ಕೇ ನಂಬಿದೆ” ಅಂದರು.

ಅವರ ತಪ್ಪೇನೂ ಇರಲಿಲ್ಲ. ಕಾಗದದ ಕಾಲದಲ್ಲಿ ಅಕ್ಷರ ನೋಡಿದರೆ ಯಾರು ಬರೆದದ್ದೆಂದು ತಿಳಿಯುತ್ತಿತ್ತು. ಪತ್ರಿಕೆಯ ತುಣುಕನ್ನು ಲಕೋಟೆಯಲ್ಲಿಟ್ಟು ಕಳಿಸಿದರೆ ಅದು ಪತ್ರಿಕೆಯದ್ದು ಎಂಬುದು ಎದ್ದು ಕಾಣುತ್ತಿತ್ತು. ಫೋನಿನಲ್ಲಿ ಎಲ್ಲ ಸಂದೇಶಕ್ಕೂ ಒಂದೇ ಅಕ್ಷರ, ಒಂದೇ ಬಿಳಿ ಚೌಕ. ಮೇಲೆ ಕಾಣುವುದು ಕಳಿಸಿದವರ ಹೆಸರು, ಅವರ ಫೋಟೊ. ಯಾವನೋ ಅನಾಮಿಕ ಕಟ್ಟಿದ ಮಾತು ಮೈದುನನ ಮುಖ ಹಾಕಿಕೊಂಡು ಮನೆಯೊಳಗೆ ಬರುತ್ತದೆ. ಮೈದುನನ ಮೇಲಿನ ನಂಬಿಕೆ ಮಾತಿನ ಮೇಲೂ ಹರಿಯುತ್ತದೆ. ಇದನ್ನು ಬಿಡಿಸುವುದೇ ಲೇಬಲ್ಲಿನ ಕೆಲಸ: ಕಳಿಸಿದವರು ಇವರು, ಬರೆದವರು ಇವರಲ್ಲ. ಅದಕ್ಕಿಂತ ಹೆಚ್ಚೇನನ್ನೂ ಅದು ಹೇಳುವುದಿಲ್ಲ. ಸುಳ್ಳು ಎಂದೂ ಹೇಳುವುದಿಲ್ಲ, ನಿಜ ಎಂದೂ ಹೇಳುವುದಿಲ್ಲ. ಹೇಳಲು ಬರುವುದೂ ಇಲ್ಲ.

ಯಾಕೆಂದರೆ ವಾಟ್ಸ್‌ಆ್ಯಪ್ ಕಂಪನಿಗೆ ನಮ್ಮ ಸಂದೇಶ ಓದಲು ಬರುವುದಿಲ್ಲ. 2016ರ ಏಪ್ರಿಲ್‌ನಿಂದ ಅಲ್ಲಿನ ಮಾತುಕತೆಯೆಲ್ಲ ಕಳಿಸಿದವರ ಫೋನಿನಲ್ಲೇ ಬೀಗ ಹಾಕಿಸಿಕೊಂಡು ಹೊರಡುತ್ತದೆ, ತಲುಪಿದವರ ಫೋನಿನಲ್ಲೇ ಬೀಗ ತೆಗೆಯುತ್ತದೆ. ನಡುವಿನ ಸರ್ವರ್ ಅಂಚೆಯಣ್ಣನ ಹಾಗೆ. ಚೀಲ ಹೊರುತ್ತದೆ, ಒಳಗೇನಿದೆ ಎಂದು ಕಾಣದು. ಹಾಗಿರುವಾಗ ಇದು ಗಾಳಿಸುದ್ದಿ, ಇದನ್ನು ತಡೆಯಿರಿ ಎಂದು ಅದಕ್ಕೆ ಹೇಳಿ ಪ್ರಯೋಜನವಿಲ್ಲ. ಸುಳ್ಳನ್ನು ಅಳೆಯಲಾಗದವರು ಓಟವನ್ನು ಅಳೆಯಲು ಹೊರಟರು.

ಅಳತೆ ಹೀಗೆ. ನೀವು ಇನ್ನೊಬ್ಬರ ಸಂದೇಶವನ್ನು ಫಾರ್ವರ್ಡ್ ಮಾಡಿದಾಗ ನಿಮ್ಮ ಫೋನು ಅದರ ಒಳಗೆ ಒಂದು ಸಣ್ಣ ಅಂಕಿಯನ್ನೂ ಇಡುತ್ತದೆ: 1. ಅದನ್ನು ಪಡೆದವರು ಮುಂದೆ ಕಳಿಸಿದರೆ ಅವರ ಫೋನು ಅದನ್ನು 2 ಮಾಡುತ್ತದೆ. ಮುಂದಿನವರದ್ದು 3. ಈ ಅಂಕಿಯೂ ಬೀಗದ ಒಳಗೇ ಪ್ರಯಾಣ ಮಾಡುತ್ತದೆ, ಸರ್ವರ್‌ಗೆ ಕಾಣುವುದಿಲ್ಲ. ಮೂಲ ಬರೆದವರಿಂದ ಐದು ಕೈ ದಾಟಿದ ಮೇಲೆ ಒಂದು ಬಾಣದ ಜಾಗದಲ್ಲಿ ಎರಡು ಬಾಣ ಬೀಳುತ್ತವೆ, ‘ಹಲವು ಬಾರಿ ಫಾರ್ವರ್ಡ್’ ಎಂಬ ಬರಹ ಬರುತ್ತದೆ. ಎರಡು ಬಾಣದ ಗುರುತು ಬಂದದ್ದು 2019ರಲ್ಲಿ.

ಇಲ್ಲಿ ಬಹಳ ಜನ ಎಡವುತ್ತಾರೆ. ಎರಡು ಬಾಣ ಬಿದ್ದರೆ ಸಾವಿರಾರು ಜನರಿಗೆ ಹೋಗಿದೆ ಎಂದುಕೊಳ್ಳುತ್ತಾರೆ. ಅಂಕಿ ಎಣಿಸುವುದು ಜನರನ್ನಲ್ಲ, ತಲೆಮಾರನ್ನು. ಒಬ್ಬ ಅಜ್ಜನಿಗೆ ಹತ್ತು ಮಕ್ಕಳಿದ್ದರೂ ಅದು ಒಂದೇ ತಲೆಮಾರು. ಮಗ, ಮೊಮ್ಮಗ, ಮರಿಮಗ ಎಂದು ಒಂದೊಂದೇ ಮಗುವಾಗಿ ಇಳಿದರೂ ಅದು ಮೂರು ತಲೆಮಾರು. ಹಾಗೆಯೇ ಒಂದೇ ಸುದ್ದಿ ನಿಮ್ಮ ಸೋದರಮಾವನಿಂದ ಒಂದು ಬಾಣ ಹೊತ್ತು ಬರಬಹುದು, ಅದೇ ಬೆಳಿಗ್ಗೆ ಆಫೀಸಿನ ಗ್ರೂಪಿನಲ್ಲಿ ಎರಡು ಬಾಣ ಹೊತ್ತು ಬರಬಹುದು. ಅವು ಒಂದೇ ಬೇರಿನ ಬೇರೆ ಬೇರೆ ಕೊಂಬೆಗಳು. ಇನ್ನೂ ಒಂದು ಮಾತಿದೆ. ಸ್ವಂತ ಬರೆದದ್ದನ್ನು ನೀವೇ ಐದು ಕಡೆ ಕಳಿಸಿದರೆ ಅಂಕಿ ಏರುವುದಿಲ್ಲ, ಬಾಣವೂ ಬರುವುದಿಲ್ಲ. ಬರೆದವರು ನೀವೇ ಅಲ್ಲವೇ? ಆದ್ದರಿಂದ ಗಾಳಿಸುದ್ದಿಯ ಹುಟ್ಟಿನ ಕ್ಷಣದಲ್ಲಿ, ಅದು ಮೂಲಪುರುಷನ ಕೈಯಲ್ಲಿರುವಾಗ, ಅದರ ಮೈಮೇಲೆ ಯಾವ ಗುರುತೂ ಇರುವುದಿಲ್ಲ.

ಗುರುತಿನ ಜೊತೆಗೆ ಬಂದದ್ದು ಮಿತಿ. ಜುಲೈ 2018ರಲ್ಲೇ ಭಾರತದಲ್ಲಿ ಒಂದು ಸಲಕ್ಕೆ 5 ಚಾಟ್‌ಗಳಿಗೆ ಮಾತ್ರ ಫಾರ್ವರ್ಡ್ ಎಂದು ಕಟ್ಟು ಹಾಕಿದರು. ಬೇರೆ ದೇಶಗಳಿಗೆ ಆಗ 20. ಫೋಟೊ, ವಿಡಿಯೊಗಳ ಪಕ್ಕದಲ್ಲಿದ್ದ ಒಂದೇ ಒತ್ತಿನ ಫಾರ್ವರ್ಡ್ ಗುಂಡಿಯನ್ನೂ ಇಲ್ಲಿ ತೆಗೆದರು. 2019ರ ಜನವರಿಯಲ್ಲಿ 5ರ ಮಿತಿ ಜಗತ್ತಿಗೆಲ್ಲ ಬಂತು. 2020ರ ಏಪ್ರಿಲ್ 7ರಂದು, ಕೊರೊನಾ ಲಾಕ್‌ಡೌನಿನ ನಡುವೆ, ಎರಡು ಬಾಣ ಬಿದ್ದದ್ದನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಬಹುದು ಎಂದಾಯಿತು. 2022ರಲ್ಲಿ ಇನ್ನೊಂದು ಗಂಟು: ಒಂದೇ ಬಾಣ ಇದ್ದರೂ ಆ ಐದು ಚಾಟ್‌ಗಳಲ್ಲಿ ಗ್ರೂಪು ಒಂದೇ ಇರಬೇಕು.

ಐದು, ಒಂದು ಎಂಬ ಈ ಸಣ್ಣ ಅಂಕಿಗಳಿಂದ ಏನಾದೀತು ಎನ್ನುವವರು ಒಂದು ಲೆಕ್ಕ ಮಾಡಿ ನೋಡಬೇಕು. ಒಂದು ಗ್ರೂಪಿನಲ್ಲಿ 200 ಜನ ಇದ್ದಾರೆ ಎನ್ನಿ. ಅವರಲ್ಲಿ 198 ಜನ ಸುದ್ದಿ ಓದಿ ಸುಮ್ಮನಾಗುತ್ತಾರೆ, ಇಬ್ಬರು ಮಾತ್ರ ಮುಂದೆ ತಳ್ಳುತ್ತಾರೆ. ಆ ಇಬ್ಬರಿಗೂ ಒಂದು ಒತ್ತಿಗೆ 20 ಗ್ರೂಪು ಸಿಕ್ಕರೆ ಒಂದು ಗ್ರೂಪಿನ ಸುದ್ದಿ 40 ಗ್ರೂಪಿಗೆ ಹೋಗುತ್ತದೆ. ಆ ನಲವತ್ತರಲ್ಲೂ ಇಬ್ಬಿಬ್ಬರು ಅದನ್ನೇ ಮಾಡಿದರೆ 1,600. ನಾಲ್ಕನೇ ಸುತ್ತಿಗೆ 25 ಲಕ್ಷ 60 ಸಾವಿರ ಗ್ರೂಪು. ಮಿತಿ 5 ಆದರೆ ಪ್ರತಿ ಸುತ್ತಿಗೂ ಹತ್ತು ಪಟ್ಟು, ನಾಲ್ಕನೇ ಸುತ್ತಿಗೆ 10,000. ಮಿತಿ 1 ಆದರೆ ಎರಡು ಪಟ್ಟು, ನಾಲ್ಕನೇ ಸುತ್ತಿಗೆ ಬರೀ 16.

ಜನರ ಸ್ವಭಾವ ಮೂರು ಲೆಕ್ಕದಲ್ಲೂ ಒಂದೇ. ಇನ್ನೂರಕ್ಕೆ ಇಬ್ಬರು. ಬದಲಾದದ್ದು ಬೆರಳಿಗೆ ಸಿಕ್ಕ ಅವಕಾಶ ಮಾತ್ರ. ನಿಜ ಜೀವನದಲ್ಲಿ ಗ್ರೂಪುಗಳ ಸದಸ್ಯರು ಒಬ್ಬರಿಗೊಬ್ಬರು ಬೆರೆತಿರುತ್ತಾರೆ, ಒಂದೇ ಸುದ್ದಿ ಒಂದೇ ಫೋನಿಗೆ ಹತ್ತು ದಾರಿಯಿಂದ ಬರುತ್ತದೆ, ಆದ್ದರಿಂದ ಲೆಕ್ಕ ಇಷ್ಟು ನುಣುಪಾಗಿ ಇರುವುದಿಲ್ಲ. ಆದರೂ ಗುಣಾಕಾರದ ದಿಕ್ಕು ಇದೇ. ಕೊರೊನಾ ದಿನಗಳಲ್ಲಿ ನಾವೆಲ್ಲ ಕಲಿತ ಪಾಠವೂ ಇದೇ ಆಗಿತ್ತು: ಒಬ್ಬ ರೋಗಿ ಎಷ್ಟು ಜನರಿಗೆ ಅಂಟಿಸುತ್ತಾನೆ ಎಂಬ ಅಂಕಿ ಒಂದಕ್ಕಿಂತ ಕೆಳಗಿಳಿದರೆ ರೋಗ ತಾನಾಗಿ ಆರುತ್ತದೆ. ಒಂದೇ ಚಾಟ್‌ನ ಮಿತಿಯಲ್ಲಿ ಗ್ರೂಪಿಗೆ ಒಬ್ಬನೂ ತಳ್ಳದಿದ್ದರೆ ಆ ಕೊಂಬೆ ಅಲ್ಲಿಗೆ ಒಣಗಿತು.

ಮಿತಿ ‘ಒಂದು ಸಲಕ್ಕೆ’ ಎಂಬುದನ್ನು ಗಮನಿಸಬೇಕು. ಐದು ಚಾಟ್‌ಗೆ ಕಳಿಸಿದ ಮೇಲೆ ಮತ್ತೆ ಒತ್ತಿ ಇನ್ನೈದಕ್ಕೆ ಕಳಿಸಲು ಯಾರ ಅಡ್ಡಿಯೂ ಇಲ್ಲ. ಇದು ಬೀಗವಲ್ಲ, ರಸ್ತೆಯ ಹಂಪು. ಹಂಪಿನ ಮೇಲೂ ಗಾಡಿ ಹೋಗುತ್ತದೆ, ಕಾಲು ಬ್ರೇಕಿನ ಮೇಲೆ ಇಡಬೇಕು ಅಷ್ಟೆ. ಫಾರ್ವರ್ಡ್ ಮಾಡುವವರಲ್ಲಿ ಹೆಚ್ಚಿನವರು ದುರುದ್ದೇಶದವರಲ್ಲ, ಸೋಮಾರಿಗಳು. ಹತ್ತು ಸಲ ಒತ್ತುವಷ್ಟು ಶ್ರದ್ಧೆ ಅವರಿಗಿರುವುದಿಲ್ಲ. ಮಿತಿ ನಿಂತಿರುವುದು ಈ ಸೋಮಾರಿತನದ ಮೇಲೆ. ಶ್ರದ್ಧೆ ಇರುವವರ ಮುಂದೆ, ಅಂದರೆ ಸಂಬಳ ಪಡೆದು ಸುದ್ದಿ ಹಂಚುವವರ ಮುಂದೆ, ಅದು ನಿಲ್ಲುವುದಿಲ್ಲ.

ಫಲ ಏನಾಯಿತು? ಐದರ ಮಿತಿಯಿಂದ ಜಗತ್ತಿನಾದ್ಯಂತ ಫಾರ್ವರ್ಡ್‌ಗಳು ಶೇ 25ರಷ್ಟು ಇಳಿದವು ಎಂದು ಕಂಪನಿ ಹೇಳಿತು. ಒಂದರ ಮಿತಿ ಬಂದ ಕೆಲವೇ ವಾರಗಳಲ್ಲಿ ಎರಡು ಬಾಣದ ಸಂದೇಶಗಳ ಓಡಾಟ ಶೇ 70ರಷ್ಟು ಇಳಿಯಿತು ಎಂದಿತು. ಎರಡೂ ಕಂಪನಿಯದೇ ಅಂಕಿ. ಸಂದೇಶಕ್ಕೆ ಬೀಗ ಇರುವುದರಿಂದ ಹೊರಗಿನವರು ಕೂತು ಎಣಿಸಿ ನೋಡುವಂತಿಲ್ಲ. ಶೇ 70 ಎಂದಾಗ ಇಳಿದದ್ದು ಎರಡು ಬಾಣದ ಸಂದೇಶ, ಗಾಳಿಸುದ್ದಿ ಅಲ್ಲ. ಇವೆರಡೂ ಒಂದೇ ಅಲ್ಲ. ಯುಗಾದಿ ಶುಭಾಶಯಕ್ಕೂ ಎರಡು ಬಾಣ ಬೀಳುತ್ತದೆ, ಹಳೆಯ ಹಾಡಿಗೂ ಬೀಳುತ್ತದೆ, ರಕ್ತ ಬೇಕು ಎಂಬ ನಿಜವಾದ ಕರೆಗೂ ಬೀಳುತ್ತದೆ. ಹಂಪು ಆ್ಯಂಬುಲೆನ್ಸನ್ನೂ ನಿಧಾನ ಮಾಡುತ್ತದೆ.

ಬ್ರೆಜಿಲ್‌ನ ಮಿನಾಸ್ ಜೆರಾಯಿಸ್ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಅವರ ಸಹೋದ್ಯೋಗಿಗಳು 2019ರಲ್ಲಿ ಇನ್ನೊಂದು ದಾರಿ ಹಿಡಿದರು. ಬ್ರೆಜಿಲ್, ಭಾರತ, ಇಂಡೊನೇಷ್ಯಾಗಳಲ್ಲಿ ಯಾರು ಬೇಕಾದರೂ ಲಿಂಕ್ ಒತ್ತಿ ಸೇರಬಹುದಾದ ಗ್ರೂಪುಗಳ ಮಾಹಿತಿ ಕಲೆಹಾಕಿ, ಸಾಂಕ್ರಾಮಿಕ ರೋಗ ಹರಡುವುದನ್ನು ಲೆಕ್ಕಹಾಕುವ ಗಣಿತದಲ್ಲೇ ಮಿತಿಯ ಪರಿಣಾಮವನ್ನು ಪರೀಕ್ಷಿಸಿದರು. ಮಿತಿ ಸುದ್ದಿಯನ್ನು ತಡವಾಗಿಸುತ್ತದೆ. ಆದರೆ ಸುದ್ದಿ ಬಹಳ ಅಂಟುವ ಜಾತಿಯದ್ದಾದರೆ ಅದನ್ನು ನಿಲ್ಲಿಸಲಾಗದು ಎಂಬುದು ಅವರಿಗೆ ಸಿಕ್ಕ ಉತ್ತರ. ತಡವಾದರೂ ಸಾಕೇ? ಬಹಳ ಸಲ ಸಾಕು. ಹೆಚ್ಚಿನ ಗಾಳಿಸುದ್ದಿಯ ಆಯುಸ್ಸು ಕಡಿಮೆ. ನಾಳೆ ಬಂದ್, ಇವತ್ತು ರಾತ್ರಿ ಭೂಕಂಪ ಎಂಬುವು ನಾಡಿದ್ದು ತಲುಪಿದರೆ ಯಾರೂ ಕೇಳರು. ಅಷ್ಟರಲ್ಲಿ ಪೊಲೀಸರ ಸ್ಪಷ್ಟನೆಯೋ ಪತ್ರಿಕೆಯ ವರದಿಯೋ ಬಂದಿರುತ್ತದೆ.

ಆದರೆ ಕಂಪನಿ ಒಂದು ಕೈಯಲ್ಲಿ ಕಟ್ಟಿದ್ದನ್ನು ಇನ್ನೊಂದು ಕೈಯಲ್ಲಿ ಸಡಿಲಿಸಿದೆ ಎಂಬುದನ್ನೂ ಹೇಳಬೇಕು. 2018ರಲ್ಲಿ ಒಂದು ಗ್ರೂಪಿಗೆ 256 ಜನರ ಮಿತಿ ಇತ್ತು, ಐದು ಗ್ರೂಪಿಗೆ ಕಳಿಸಿದರೆ 1,280 ಜನ. 2022ರ ಕೊನೆಗೆ ಗ್ರೂಪಿನ ಗಾತ್ರ 1,024ಕ್ಕೆ ಏರಿತು. ಈಗ ಒಂದೇ ಗ್ರೂಪಿಗೆ ಕಳಿಸಿದರೂ ಹೆಚ್ಚುಕಡಿಮೆ ಅಷ್ಟೇ ಕಿವಿಗಳು. ಬಾಗಿಲು ಕಡಿಮೆಯಾದವು, ಹಜಾರ ದೊಡ್ಡದಾಯಿತು.

ಇನ್ನು ತಪ್ಪಿಸಿಕೊಳ್ಳುವ ದಾರಿಗಳು. ಅಂಕಿ ಸಂದೇಶದ ಒಳಗಿದೆ ಎಂದೆನಲ್ಲ, ಸಂದೇಶವನ್ನು ಬಿಟ್ಟು ಮಾತನ್ನಷ್ಟೇ ಹೊತ್ತೊಯ್ದರೆ ಅಂಕಿ ಅಲ್ಲೇ ಉಳಿಯುತ್ತದೆ. ಕಾಪಿ ಮಾಡಿ ಪೇಸ್ಟ್ ಮಾಡಿದರೆ ಅದು ಹೊಸ ಸಂದೇಶ. ಸ್ಕ್ರೀನ್‌ಶಾಟ್ ತೆಗೆದರೆ ಹೊಸ ಫೋಟೊ. ವಿಡಿಯೊವನ್ನು ಫೋನಿಗೆ ಇಳಿಸಿ ಗ್ಯಾಲರಿಯಿಂದ ಕಳಿಸಿದರೆ ಅದೂ ಹೊಸದು. ನೂರು ಕೈ ದಾಟಿದ ಮುದಿ ಸುದ್ದಿ ಇವತ್ತು ಬೆಳಿಗ್ಗೆ ಹುಟ್ಟಿದ ಕೂಸಿನ ಹಾಗೆ ಬಾಣವಿಲ್ಲದೆ ಬಂದು ನಿಲ್ಲುತ್ತದೆ. ಹೀಗೆ ಬಣ್ಣ ಬಳಿದುಕೊಂಡು ಬಂದದ್ದನ್ನು ಹಿಡಿಯಲು ಕೆಲವು ಸುಳಿವುಗಳಿವೆ. ಒಂದಕ್ಕಿಂತ ಹೆಚ್ಚು ಸಂದೇಶ ಒಟ್ಟಿಗೆ ಕಾಪಿ ಮಾಡಿದಾಗ ಪ್ರತಿ ಸಂದೇಶದ ಮೊದಲು ಚೌಕ ಆವರಣದಲ್ಲಿ ಸಮಯ, ತಾರೀಖು, ಯಾರದ್ದೋ ಹೆಸರು ಅಂಟಿಕೊಂಡು ಬರುತ್ತವೆ, ಅವಸರದವರು ಅಳಿಸುವುದಿಲ್ಲ. ‘ನಿನ್ನೆ ರಾತ್ರಿ’ ಎಂದಿರುತ್ತದೆ, ಯಾವ ನಿನ್ನೆ ಎಂಬುದಿರುವುದಿಲ್ಲ. ‘ಬಂದದ್ದನ್ನು ಹಾಗೇ ಕಳಿಸಿದ್ದೇನೆ’ ಎಂಬ ಸಾಲನ್ನು ಬಾಣವಿಲ್ಲದ ಸಂದೇಶದಲ್ಲಿ ಕಂಡರೆ ಅದು ತನ್ನ ಬಾಯಿಂದಲೇ ಗುಟ್ಟು ಬಿಟ್ಟಂತೆ. ಎಷ್ಟೋ ಸಲ ನಮ್ಮ ಚಿಕ್ಕಪ್ಪನಿಗೆ ಇಷ್ಟುದ್ದ ಕನ್ನಡ ಟೈಪ್ ಮಾಡಲು ಬರುವುದೇ ಇಲ್ಲವಲ್ಲ ಎಂಬುದೇ ಒಳ್ಳೆಯ ಸುಳಿವು.

ಸರ್ಕಾರಕ್ಕೆ ಬಾಣ ಸಾಲದು ಎನಿಸಿದೆ. ಮೊದಲು ಬರೆದವರು ಯಾರೆಂದು ಪತ್ತೆ ಮಾಡಿ ಕೊಡುವಂತಿರಬೇಕು ಎಂದು 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಹೇಳುತ್ತವೆ. ಹಾಗೆ ಮಾಡಿದರೆ ಎಲ್ಲರ ಬೀಗವನ್ನೂ ಒಡೆದಂತೆ ಎಂದು ವಾಟ್ಸ್‌ಆ್ಯಪ್ ಅದೇ ವರ್ಷ ದೆಹಲಿ ಹೈಕೋರ್ಟಿಗೆ ಹೋಯಿತು. ಬಾಣಕ್ಕೆ ತಲೆಮಾರು ಗೊತ್ತು, ಮೂಲಪುರುಷನ ಹೆಸರು ಗೊತ್ತಿಲ್ಲ. ಹೆಸರನ್ನೂ ಬರೆಯಿಸಬೇಕೇ ಎಂಬುದು ಆ ಜಗಳದ ತಿರುಳು. ನನ್ನ ಮಟ್ಟಿಗೆ, ಒಬ್ಬ ಪುಂಡನನ್ನು ಹಿಡಿಯಲು ಊರಿನ ಎಲ್ಲ ಲಕೋಟೆಯ ಮೇಲೂ ವಿಳಾಸ ಕೊರೆಯುವುದು ದುಬಾರಿ. ಕಾಪಿ-ಪೇಸ್ಟ್ ಮಾಡಿದ ಅಮಾಯಕನೇ ಆಗ ಮೂಲಪುರುಷನಾಗಿ ಸಿಕ್ಕಿಬೀಳುತ್ತಾನೆ.

ಬಾಣಕ್ಕೂ ಮಿತಿಗೂ ನಿಜವಾಗಿ ಎಟುಕದ ಜಾಗ ಒಂದಿದೆ. ಅದನ್ನು ಹೇಳದೆ ಮುಗಿಸಿದರೆ ಸುಳ್ಳಾಗುತ್ತದೆ. ಜುಲೈ 10ರಂದು ಲೇಬಲ್ ಬಂತು. ಮೂರೇ ದಿನಕ್ಕೆ, ಜುಲೈ 13ರಂದು, ಬೀದರ್ ಜಿಲ್ಲೆಯ ಔರಾದ್ ಸೀಮೆಗೆ ಹೈದರಾಬಾದಿನಿಂದ ಕೆಲವು ಗೆಳೆಯರು ಕಾರಿನಲ್ಲಿ ಬಂದಿದ್ದರು. ದಾರಿಯಲ್ಲಿ ನಿಂತಾಗ ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರೆಂದು ಊರವರು ಮುತ್ತಿದರು. ಅವರು ಹೇಗೋ ಕಾರು ಹತ್ತಿ ಹೊರಟರು. ಆದರೆ ಅವರ ವಿಡಿಯೊ ವಾಟ್ಸ್‌ಆ್ಯಪ್‌ನಲ್ಲಿ ಕಾರಿಗಿಂತ ಮುಂದೆ ಓಡಿ ಮುರ್ಕಿ ಗ್ರಾಮ ತಲುಪಿತ್ತು. ಅಲ್ಲಿ ರಸ್ತೆಗೆ ಅಡ್ಡ ಕಟ್ಟಿ ಜನ ಕಾಯುತ್ತಿದ್ದರು. ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬ ಸತ್ತ, ಉಳಿದವರು ಗಾಯಗೊಂಡರು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟು ಬಿತ್ತು.

ಆ ವಿಡಿಯೊ ಇಷ್ಟು ದೂರ ಹೋಗಲು ಐದು ತಲೆಮಾರು ಬೇಕಿರಲಿಲ್ಲ. ಒಂದೋ ಎರಡೋ ಕೈ ಸಾಕು. ಎರಡು ಬಾಣ ಬೀಳುವ ಪ್ರಶ್ನೆಯೇ ಇಲ್ಲ. ತೆಗೆದವನೇ ತನ್ನ ಗ್ರೂಪಿಗೆ ಹಾಕಿದ್ದರೆ ಒಂದು ಬಾಣವೂ ಇರುವುದಿಲ್ಲ. ಐದು ಚಾಟ್‌ನ ಮಿತಿಯೂ ಅಡ್ಡ ಬರುವುದಿಲ್ಲ, ಪಕ್ಕದ ಊರಿನ ಒಂದು ಗ್ರೂಪು ಸಾಕು. ಮಿತಿ ಎಂಬುದು ದೂರದ ಓಟಗಾರನನ್ನು ಸುಸ್ತು ಮಾಡುವ ಉಪಾಯ. ಕರಾಚಿಯಿಂದ ಬೀದರಿಗೆ ಬರುವ ಕತ್ತರಿಸಿದ ವಿಡಿಯೊವನ್ನು ಅದು ಹಿಡಿಯಬಲ್ಲದು. ಆ ವಿಡಿಯೊ ತಿಂಗಳುಗಟ್ಟಲೆ ಸುತ್ತಿ ಭಯವನ್ನು ಬಿತ್ತಿದ ಮೇಲೆ, ಈ ಊರಿಂದ ಆ ಊರಿಗೆ ಹಾರುವ ಕಿಡಿಯನ್ನು ಹಿಡಿಯಲಾರದು. ಅದಕ್ಕೆ ಬೇಕಾದದ್ದು ಮುರ್ಕಿಯ ಗ್ರೂಪಿನಲ್ಲಿ ‘ತಾಳ್ರೀ, ಮೊದಲು ಸ್ಟೇಷನ್‌ಗೆ ಫೋನ್ ಮಾಡೋಣ’ ಎನ್ನುವ ಒಬ್ಬ ಮನುಷ್ಯ.

ಓದುಗರಲ್ಲಿ ನನ್ನ ಕೋರಿಕೆ ಒಂದೇ, ಅದೂ ಸಣ್ಣದು. ಎರಡು ಬಾಣ ಬಿದ್ದದ್ದನ್ನು ಕಳಿಸಬೇಡಿ ಎಂದು ನಾನು ಹೇಳಿದರೂ ನೀವು ಕೇಳುವುದಿಲ್ಲ. ನಾನೂ ಕಳಿಸುತ್ತೇನೆ, ಕೆಲವು ನಗೆಹನಿ ಅಷ್ಟು ಚೆನ್ನಾಗಿರುತ್ತವೆ. ಕಳಿಸಲೇಬೇಕು ಅನ್ನಿಸಿದರೆ ಫಾರ್ವರ್ಡ್ ಮಾಡಿಯೇ ಕಳಿಸಿ. ಮಿತಿ ಅಡ್ಡ ಬಂತೆಂದು ಕಾಪಿ ಮಾಡಿ ಪೇಸ್ಟ್ ಮಾಡಬೇಡಿ, ಸ್ಕ್ರೀನ್‌ಶಾಟ್ ತೆಗೆಯಬೇಡಿ. ಹಾಗೆ ಮಾಡಿದ ಕ್ಷಣ ಅದರ ವಯಸ್ಸು ಅಳಿಸಿ ಹೋಗುತ್ತದೆ, ಬರೆದವರ ಜಾಗದಲ್ಲಿ ನಿಮ್ಮ ಮುಖ ಕೂರುತ್ತದೆ. ಆ ತುದಿಯಲ್ಲಿ ನಿಮ್ಮ ಅತ್ತಿಗೆ ಓದುತ್ತಿರಬಹುದು.